ಪಾಸ್ತಾ ಬೇಯುವ ಹದ: ನೀರು, ಉಪ್ಪು ಮತ್ತು ಕೊನೆಯ ಎರಡು ನಿಮಿಷ

ಪಾಸ್ತಾ ಪೊಟ್ಟಣದ ಹಿಂಬದಿಯಲ್ಲಿ ‘11 ನಿಮಿಷ’ ಎಂದು ಅಚ್ಚಾಗಿರುತ್ತದೆ. ಗಡಿಯಾರ ನೋಡಿಕೊಂಡು ಅಷ್ಟೇ ಹೊತ್ತು ಬೇಯಿಸಿ, ನೀರು ಬಸಿದು, ಸಾಸ್ ಆಗುವವರೆಗೆ ತೂತಿನ ಪಾತ್ರೆಯಲ್ಲೇ ಬಿಟ್ಟು, ಆಮೇಲೆ ಬಾಣಲೆಗೆ ಸುರಿದು ಇನ್ನಷ್ಟು ಹೊತ್ತು ಕೈಯಾಡಿಸಿದರೆ ತಟ್ಟೆಗೆ ಬರುವುದು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡ ಪಾಸ್ತಾ. ಪೊಟ್ಟಣದ ಲೆಕ್ಕ ತಪ್ಪೇನಲ್ಲ. ನೀರಿನಿಂದ ಹೊರಗೆ ತೆಗೆದ ಮೇಲೂ ಪಾಸ್ತಾ ಬೇಯುತ್ತಲೇ ಇರುತ್ತದೆ ಎನ್ನುವುದು ಮಾತ್ರ ಆ ಲೆಕ್ಕದಲ್ಲಿ ಸೇರಿಲ್ಲ. ಇಟಲಿಯ ಅಡುಗೆಯವರು ‘ಅಲ್ ದೆಂತೆ’ ಎನ್ನುವ ಹದ, ಅಂದರೆ ಹಲ್ಲಿಗೆ ತುಸು ಎದುರು ಕೊಡುವಂತೆ ಬೆಂದ ಪಾಸ್ತಾ ಬೇಕಿದ್ದರೆ, ಕೊನೆಯ ಎರಡು ನಿಮಿಷವನ್ನು ನೀರಿನಿಂದ ಕಸಿದು ಸಾಸ್‌ಗೆ ಕೊಡಬೇಕು. ಈ ಲೇಖನದಲ್ಲಿ ಹೇಳುವ ಉಳಿದದ್ದೆಲ್ಲ ಇದರ ಸುತ್ತಲೇ ಇದೆ.

ಪಾಸ್ತಾದೊಳಗೆ ಏನಾಗುತ್ತದೆ ಎಂದು ಮೊದಲು ನೋಡೋಣ. ಒಣ ಪಾಸ್ತಾ ಎಂದರೆ ರವೆ ಮತ್ತು ನೀರು ಕಲಸಿ, ಅಚ್ಚಿನಲ್ಲಿ ಒತ್ತಿ ಒಣಗಿಸಿದ್ದು. ಅದರೊಳಗೆ ಪಿಷ್ಟದ ಕಣಗಳನ್ನು ಗ್ಲುಟೆನ್ ಎಂಬ ಪ್ರೋಟೀನಿನ ಬಲೆ ಹಿಡಿದುಕೊಂಡಿರುತ್ತದೆ. ಕುದಿಯುವ ನೀರಿಗೆ ಬಿದ್ದಾಗ ಹೊರಗಿನ ಪದರ ಮೊದಲು ನೀರು ಹೀರುತ್ತದೆ. ಪಿಷ್ಟದ ಕಣಗಳು ಉಬ್ಬಿ ಮೆದುವಾಗುತ್ತವೆ, ಅದೇ ಹೊತ್ತಿಗೆ ಪ್ರೋಟೀನಿನ ಬಲೆ ಬಿಸಿಗೆ ಗಟ್ಟಿಯಾಗುತ್ತದೆ. ಬಲೆ ಬೇಗ ಗಟ್ಟಿಯಾದರೆ ಪಿಷ್ಟ ಒಳಗೇ ಉಳಿಯುತ್ತದೆ, ಪಾಸ್ತಾ ಬಿಡಿಬಿಡಿಯಾಗಿ ಬೇಯುತ್ತದೆ. ಬಲೆ ದುರ್ಬಲವಾಗಿದ್ದರೆ ಉಬ್ಬಿದ ಪಿಷ್ಟ ಅದನ್ನು ಹರಿದು ನೀರಿಗೆ ಸೋರುತ್ತದೆ, ಮೇಲ್ಮೈ ಲೋಳೆಯಾಗುತ್ತದೆ. ನೀರು ಹೊರಗಿನಿಂದ ಒಳಕ್ಕೆ ನಿಧಾನವಾಗಿ ಇಳಿಯುವುದರಿಂದ, ಪಾಸ್ತಾದ ಹೊರಭಾಗ ಪೂರ್ತಿ ಬೆಂದಾಗಲೂ ನಟ್ಟನಡುವೆ ನೀರು ಇನ್ನೂ ಸರಿಯಾಗಿ ತಲುಪಿರದ ಸಣ್ಣ ಎಳೆಯೊಂದು ಉಳಿದಿರುತ್ತದೆ. ಆ ಎಳೆ ಮಾಯವಾಗುವ ಹೊತ್ತೇ ಅಲ್ ದೆಂತೆ.

ಹಾಗಾಗಿ ಪೊಟ್ಟಣ ಕೊಳ್ಳುವಾಗಲೇ ಅರ್ಧ ಕೆಲಸ ಆಗಿಬಿಡುತ್ತದೆ. ಇಟಲಿಯಲ್ಲಿ ಒಣ ಪಾಸ್ತಾವನ್ನು ಡ್ಯೂರಮ್ ಗೋಧಿಯ ರವೆಯಿಂದಲೇ ಮಾಡಬೇಕೆಂದು 1967ರಲ್ಲೇ ಕಾನೂನು ಆಯಿತು. ಡ್ಯೂರಮ್ ಗಟ್ಟಿ ಕಾಳಿನ, ಹಳದಿ ಬಣ್ಣದ, ಹೆಚ್ಚು ಪ್ರೋಟೀನ್ ಇರುವ ಗೋಧಿ. ನಮ್ಮಲ್ಲಿ ಉಪ್ಪಿಟ್ಟಿಗೆ ಬಳಸುವ ಬನ್ಸಿ ರವೆಯೂ ಈ ಜಾತಿಯದೇ. ನಮ್ಮ ಅಂಗಡಿಗಳಲ್ಲಿ ಡ್ಯೂರಮ್ ಪಾಸ್ತಾ ಸಿಗುತ್ತದೆ, ಪಕ್ಕದಲ್ಲೇ ಮೈದಾ ಅಥವಾ ಸಾಮಾನ್ಯ ಗೋಧಿರವೆಯ ಪಾಸ್ತಾವೂ ಇರುತ್ತದೆ. ಪೊಟ್ಟಣದ ಪದಾರ್ಥಗಳ ಪಟ್ಟಿಯಲ್ಲಿ ‘ಡ್ಯೂರಮ್’ ಎಂಬ ಪದ ಇದೆಯೇ ಎಂದು ನೋಡಿ. ಪೌಷ್ಟಿಕಾಂಶದ ಪಟ್ಟಿಯಲ್ಲಿ 100 ಗ್ರಾಮಿಗೆ ಪ್ರೋಟೀನ್ 12 ಗ್ರಾಂ ಅಥವಾ ಹೆಚ್ಚಿದ್ದರೆ ಒಳ್ಳೆಯದು. ಮೈದಾ ಪಾಸ್ತಾ ಕೆಟ್ಟದ್ದು ಎಂದಲ್ಲ, ತರಕಾರಿ ಸೂಪಿಗೆ ಅದು ಸಾಕು. ಆದರೆ ಅದರಲ್ಲಿ ಹಸಿ ಇರುವುದಕ್ಕೂ ಮುದ್ದೆಯಾಗುವುದಕ್ಕೂ ನಡುವೆ ಸಿಗುವ ಸಮಯ ತೀರ ಕಡಿಮೆ. ಎಷ್ಟು ಎಚ್ಚರದಿಂದ ಬೇಯಿಸಿದರೂ ಈ ಹದ ಅದರಲ್ಲಿ ಸಿಗುವುದು ಕಷ್ಟ.

ನೀರು ಎಷ್ಟು?

ಇಟಲಿಯ ಮನೆಮನೆಯಲ್ಲಿ ಚಾಲ್ತಿಯಲ್ಲಿರುವ ಲೆಕ್ಕ ಸುಲಭ: 100 ಗ್ರಾಂ ಪಾಸ್ತಾಗೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ಹೆಚ್ಚು ನೀರಿದ್ದರೆ ಪಾಸ್ತಾ ಹಾಕಿದಾಗ ಕುದಿ ಅಷ್ಟಾಗಿ ಇಳಿಯುವುದಿಲ್ಲ, ಸೋರಿದ ಪಿಷ್ಟ ತೆಳುವಾಗಿ ಹರಡಿಕೊಳ್ಳುತ್ತದೆ, ತುಂಡುಗಳಿಗೆ ಓಡಾಡಲು ಜಾಗ ಸಿಗುತ್ತದೆ. ಇವೆಲ್ಲ ನಿಜ. ಆದರೆ ಈ ಲೆಕ್ಕದ ಪ್ರಕಾರ ನಾಲ್ವರ ಊಟಕ್ಕೆ 4 ಲೀಟರ್ ನೀರು ಕುದಿಸಬೇಕು. ನಮ್ಮ ಅಡುಗೆಮನೆಯ ಗ್ಯಾಸ್ ಒಲೆಯಲ್ಲಿ ಅಷ್ಟು ನೀರು ಕುದಿಯಲು ಹಿಡಿಯುವ ಹೊತ್ತು ಪಾಸ್ತಾ ಬೇಯುವ ಹೊತ್ತಿಗಿಂತ ಹೆಚ್ಚು.

ಅಷ್ಟು ನೀರು ನಿಜಕ್ಕೂ ಬೇಕೇ ಎಂದು ಅಡುಗೆ ವಿಜ್ಞಾನದ ಲೇಖಕ ಹೆರಾಲ್ಡ್ ಮೆಗೀ 2009ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ ಲೇಖನವೊಂದರಲ್ಲಿ ಕೇಳಿದರು. ಸುಮಾರು 450 ಗ್ರಾಂ ಪಾಸ್ತಾವನ್ನು 1.4 ಲೀಟರಿನಷ್ಟು ತಣ್ಣೀರಿನಲ್ಲೇ ಹಾಕಿ ಒಲೆಗಿಟ್ಟು, ಆಗಾಗ ಕೈಯಾಡಿಸುತ್ತ ಬೇಯಿಸಬಹುದೆಂದು ಮಾಡಿ ತೋರಿಸಿದರು. ಅಂದರೆ ಪಾಸ್ತಾದ ಮೂರು ಪಟ್ಟು ನೀರು ಸಾಕು. ಇದಕ್ಕೆ ಕಾರಣ ಸರಳ. ಒಣ ಪಾಸ್ತಾ 100 ಗ್ರಾಂ ಇದ್ದರೆ ಅಲ್ ದೆಂತೆ ಹದಕ್ಕೆ ಬರುವಾಗ ಅದು ಹೀರುವುದು 120ರಿಂದ 130 ಮಿಲಿಲೀಟರ್ ನೀರು ಮಾತ್ರ. ಉಳಿದ ನೀರು ಪಾಸ್ತಾ ಮುಳುಗಿರಲು, ಬಿಡಿಬಿಡಿಯಾಗಿರಲು ಬೇಕು, ಅಷ್ಟೇ.

ನನ್ನ ಸಲಹೆ ಇವೆರಡರ ನಡುವಿನದು. 100 ಗ್ರಾಮಿಗೆ 500ರಿಂದ 600 ಮಿಲಿಲೀಟರ್ ನೀರು ಇಡಿ. ಇಬ್ಬರಿಗೆ 200 ಗ್ರಾಂ ಪಾಸ್ತಾ ಎಂದರೆ ಒಂದು ಲೀಟರಿಗಿಂತ ತುಸು ಹೆಚ್ಚು. ಇಷ್ಟರಲ್ಲಿ ಪಾಸ್ತಾ ಚೆನ್ನಾಗಿ ಬೇಯುತ್ತದೆ, ಜೊತೆಗೆ ಉಳಿಯುವ ನೀರು ಅನ್ನ ಬಸಿದ ಗಂಜಿಯ ಹಾಗೆ ಬಿಳಿಯಾಗಿ, ತುಸು ಮಂದವಾಗಿರುತ್ತದೆ. ಈ ಮಂದ ನೀರೇ ಮುಂದೆ ಸಾಸ್‌ನ ಎಣ್ಣೆಯನ್ನೂ ಟೊಮೆಟೊ ರಸವನ್ನೂ ಬೇರೆಬೇರೆಯಾಗದಂತೆ ಕೂಡಿಸುತ್ತದೆ. ನಾಲ್ಕು ಲೀಟರ್ ನೀರಿನಲ್ಲಿ ಬೇಯಿಸಿದಾಗ ಆ ಗಂಜಿ ತೀರ ತೆಳುವಾಗಿ, ಈ ಕೆಲಸಕ್ಕೆ ಬರುವುದಿಲ್ಲ. ಸ್ಪಗೆಟ್ಟಿಯಂಥ ಉದ್ದ ಪಾಸ್ತಾ ಆದರೆ ಅದು ಮಲಗುವಷ್ಟು ಅಗಲದ ಬಾಣಲೆ ತೆಗೆದುಕೊಂಡರೆ ಕಡಿಮೆ ನೀರಿನಲ್ಲೂ ಮುಳುಗುತ್ತದೆ, ಮುರಿಯಬೇಕಾಗುವುದಿಲ್ಲ.

ನೀರು ಕಡಿಮೆ ಮಾಡಿದವರು ಒಂದು ಕೆಲಸ ಮರೆಯುವಂತಿಲ್ಲ. ಹಾಕಿದ ಮೊದಲ ಎರಡು ನಿಮಿಷ ಸೌಟು ಪಾತ್ರೆಯಲ್ಲೇ ಇರಬೇಕು. ಪಿಷ್ಟ ಆಗತಾನೆ ಒದ್ದೆಯಾಗಿ ಅಂಟಾಗುವ ಹೊತ್ತು ಅದು. ಎರಡು ತುಂಡು ಆಗ ಅಂಟಿಕೊಂಡರೆ ಆ ಜಾಗದಲ್ಲೇ ಬೆಸೆದುಹೋಗುತ್ತವೆ, ನಡುವೆ ನೀರು ಹೋಗದೆ ಅಲ್ಲಿ ಹಸಿಯಾಗಿಯೇ ಉಳಿಯುತ್ತದೆ. ಎರಡು ನಿಮಿಷ ದಾಟಿದರೆ ಮೇಲ್ಪದರ ಬೆಂದಿರುತ್ತದೆ, ಆಮೇಲೆ ಆಗಾಗ ಒಮ್ಮೆ ತಿರುವಿದರೆ ಸಾಕು. ಅಂಟದಿರಲೆಂದು ನೀರಿಗೆ ಎಣ್ಣೆ ಹಾಕುವ ರೂಢಿ ನಮ್ಮಲ್ಲಿ ಬಹಳ ಇದೆ. ಎಣ್ಣೆ ನೀರಿನ ಮೇಲೆ ತೇಲುತ್ತದೆಯೇ ಹೊರತು ಕೆಳಗೆ ಬೇಯುತ್ತಿರುವ ಪಾಸ್ತಾವನ್ನು ಮುಟ್ಟುವುದಿಲ್ಲ. ಬಸಿಯುವಾಗ ಮಾತ್ರ ಪಾಸ್ತಾದ ಮೈಗೆ ಸವರಿಕೊಂಡು, ಸಾಸ್ ಹಿಡಿಯದೆ ಜಾರುವಂತೆ ಮಾಡುತ್ತದೆ. ಆ ಎಣ್ಣೆಯನ್ನು ಬಾಣಲೆಗೆ ಹಾಕಿ.

ಬೋರ್‌ವೆಲ್ ನೀರು ಬಳಸುವ ಮನೆಗಳಿಗೆ ಇನ್ನೊಂದು ಮಾತು. ಗಡಸು, ಕ್ಷಾರೀಯ ನೀರಿನಲ್ಲಿ ಪಾಸ್ತಾದ ಮೇಲ್ಮೈಯಿಂದ ಪಿಷ್ಟ ಹೆಚ್ಚು ಸೋರುತ್ತದೆ, ಅಂಟು ಹೆಚ್ಚುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡಿಯೂ ನಿಮ್ಮ ಪಾಸ್ತಾ ಲೋಳೆಯಾಗುತ್ತಿದ್ದರೆ ಒಮ್ಮೆ ಕುಡಿಯುವ ಶುದ್ಧೀಕರಿಸಿದ ನೀರಿನಲ್ಲಿ ಬೇಯಿಸಿ ನೋಡಿ, ಅಥವಾ ನೀರಿಗೆ ಕೆಲವು ಹನಿ ನಿಂಬೆರಸ ಬಿಡಿ. ಹುಳಿ ನಾಲಿಗೆಗೆ ಗೊತ್ತಾಗುವಷ್ಟು ಬೇಡ.

ಉಪ್ಪಿನ ಲೆಕ್ಕ ನೀರಿಗೆ

ಉಪ್ಪು ಹಾಕುವುದು ನೀರು ಬೇಗ ಕುದಿಯಲೆಂದಲ್ಲ, ಹೆಚ್ಚು ಬಿಸಿಯಾಗಲೆಂದೂ ಅಲ್ಲ. ಲೀಟರಿಗೆ 10 ಗ್ರಾಂ ಉಪ್ಪು ಹಾಕಿದರೆ ಕುದಿಯುವ ಬಿಂದು ಒಂದು ಡಿಗ್ರಿಯ ಐದನೇ ಒಂದು ಭಾಗದಷ್ಟೂ ಏರುವುದಿಲ್ಲ. ಉಪ್ಪು ರುಚಿಗೆ. ಒಣ ಪಾಸ್ತಾಗೆ ಸಾಮಾನ್ಯವಾಗಿ ಉಪ್ಪು ಬೆರೆಸಿರುವುದಿಲ್ಲ. ಅದು ನೀರು ಹೀರುವಾಗ ಜೊತೆಗೆ ಉಪ್ಪನ್ನೂ ಒಳಗೆಳೆದುಕೊಂಡರೆ ಮಾತ್ರ ತುಂಡಿನ ಒಳಗೂ ರುಚಿ ಬರುತ್ತದೆ. ಸಪ್ಪೆಯಾಗಿ ಬೆಂದ ಪಾಸ್ತಾಗೆ ಆಮೇಲೆ ಸಾಸ್‌ನಲ್ಲಿ ಎಷ್ಟು ಉಪ್ಪು ಸೇರಿಸಿದರೂ ಹೊರಗೆ ಉಪ್ಪು, ಒಳಗೆ ಸಪ್ಪೆ ಎಂಬಂತಾಗುತ್ತದೆ.

ಇಲ್ಲಿ ಅನೇಕರು ಎಡವುವುದು ಉಪ್ಪನ್ನು ಪಾಸ್ತಾದ ತೂಕ ನೋಡಿ ಹಾಕುವುದರಲ್ಲಿ. ಪಾಸ್ತಾ ಹೀರುವುದು ಉಪ್ಪುನೀರನ್ನು, ಆದ್ದರಿಂದ ಮುಖ್ಯವಾಗುವುದು ನೀರು ಎಷ್ಟು ಉಪ್ಪಾಗಿದೆ ಎಂಬುದು. ನೀರು ಅರ್ಧ ಮಾಡಿದರೆ ಉಪ್ಪನ್ನೂ ಅರ್ಧ ಮಾಡಬೇಕು. 200 ಗ್ರಾಂ ಪಾಸ್ತಾಗೆ ಎರಡು ಲೀಟರ್ ನೀರು, 20 ಗ್ರಾಂ ಉಪ್ಪು ಎಂದು ಓದಿಕೊಂಡು, ನೀರನ್ನು ಮಾತ್ರ ಒಂದು ಲೀಟರಿಗೆ ಇಳಿಸಿ ಉಪ್ಪನ್ನು ಹಾಗೇ ಬಿಟ್ಟರೆ ಬಾಯಿಗಿಡಲು ಆಗುವುದಿಲ್ಲ. ಸಮಮಟ್ಟದ ಒಂದು ಟೀ ಚಮಚ ಪುಡಿ ಉಪ್ಪು 5ರಿಂದ 6 ಗ್ರಾಂ ತೂಗುತ್ತದೆ. ಹಾಗಾಗಿ ಒಂದು ಲೀಟರ್ ನೀರಿಗೆ ಒಂದೂವರೆಯಿಂದ ಎರಡು ಚಮಚ. ಕಲ್ಲುಪ್ಪಿನ ಹರಳುಗಳ ನಡುವೆ ಜಾಗ ಇರುವುದರಿಂದ ಅದನ್ನು ಚಮಚದ ಬದಲು ತೂಕದಲ್ಲಿ ಅಳೆಯುವುದು ಸರಿ. ತಕ್ಕಡಿ ಇಲ್ಲದಿದ್ದರೆ ನೀರಿನ ರುಚಿ ನೋಡಿ. ಸರಿಯಾಗಿ ಉಪ್ಪು ಹಿಡಿದ ಸಾರಿನಷ್ಟಿರಲಿ. ‘ಸಮುದ್ರದ ನೀರಿನಷ್ಟು ಉಪ್ಪಾಗಿರಬೇಕು’ ಎಂಬ ಮಾತು ಅಡುಗೆ ವಿಡಿಯೊಗಳಲ್ಲಿ ಕೇಳಿಬರುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆ ಮಾತನ್ನು ನಂಬಿ ಮಾಡಿದ ಪಾಸ್ತಾ ತಿನ್ನಲಾಗದು.

ರಕ್ತದೊತ್ತಡ ಇರುವವರಿಗೆ ಈ 10 ಗ್ರಾಂ ನೋಡಿ ಗಾಬರಿಯಾಗಬಹುದು. ಆದರೆ ಅದರಲ್ಲಿ ಬಹುಪಾಲು ಬಸಿದ ನೀರಿನೊಂದಿಗೆ ಹೊರಟುಹೋಗುತ್ತದೆ. 100 ಗ್ರಾಂ ಪಾಸ್ತಾ ಹೀರುವ 125 ಮಿಲಿಲೀಟರ್ ನೀರಿನಲ್ಲಿ ಹೋಗುವ ಉಪ್ಪು ಸುಮಾರು ಒಂದೂಕಾಲು ಗ್ರಾಂ. ಇಡೀ ದಿನಕ್ಕೆ 5 ಗ್ರಾಂ ಒಳಗಿರಲಿ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ ಎದುರು ಇದೇನೂ ಕಡಿಮೆಯಲ್ಲ. ಬೇಕಿದ್ದವರು ನೀರಿನ ಉಪ್ಪನ್ನು ಅರ್ಧಕ್ಕಿಳಿಸಿ, ಚೀಸ್ ಹಾಕುವಾಗಲೂ ಕೈ ಹಿಡಿಯಬಹುದು.

ಇಬ್ಬರ ಊಟಕ್ಕೆ ಒಂದು ಪೆನ್ನೆ

ಈಗ ಒಂದು ಅಡುಗೆಯನ್ನು ಮೊದಲಿಂದ ಕೊನೆಯವರೆಗೆ ಮಾಡಿ ನೋಡೋಣ. ಊರು ಬೆಂಗಳೂರು. ಊರಿನ ಹೆಸರು ಯಾಕೆಂದರೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಮಂಗಳೂರಿನಲ್ಲಿ 100. ಪೊಟ್ಟಣದ ಮೇಲಿನ ನಿಮಿಷ ಇನ್ಯಾವುದೋ ಊರಿನ ಒಲೆಯ ಲೆಕ್ಕ. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನಲ್ಲಿ ಅದಕ್ಕೆ ಅರ್ಧ ಅಥವಾ ಒಂದು ನಿಮಿಷ ಸೇರಬಹುದು. ಗಡಿಯಾರವನ್ನೇ ನೆಚ್ಚಿಕೊಳ್ಳಬಾರದು ಎನ್ನಲು ಇದೂ ಒಂದು ಕಾರಣ.

ಪೆನ್ನೆ 200 ಗ್ರಾಂ, ಪೊಟ್ಟಣದ ಮೇಲೆ 11 ನಿಮಿಷ. ನೀರು 1.2 ಲೀಟರ್, ಉಪ್ಪು ಸಮಮಟ್ಟದ ಎರಡು ಟೀ ಚಮಚ. ಸಾಸ್ ಮೊದಲು ಆಗಿರಬೇಕು. ಪಾಸ್ತಾ ಬೆಂದು ಸಾಸ್‌ಗೆ ಕಾಯುವಂತಾಗಬಾರದು, ಸಾಸ್ ಬೇಕಾದರೆ ಕಾಯಲಿ. ಅಗಲ ಬಾಣಲೆಯಲ್ಲಿ ಎರಡು ದೊಡ್ಡ ಚಮಚ ಆಲಿವ್ ಎಣ್ಣೆ ಬಿಸಿಮಾಡಿ, ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ, ಅದು ಕಂದುವ ಮೊದಲೇ 400 ಗ್ರಾಂ ಹಣ್ಣಾದ ಟೊಮೆಟೊ ಹೆಚ್ಚಿ ಸೇರಿಸಿ. ನಾಟಿ ಟೊಮೆಟೊ ಆದರೆ ಹುಳಿ ಜಾಸ್ತಿ, ಚಿಟಿಕೆ ಸಕ್ಕರೆ ಬೇಕಾದೀತು. ಒಂದು ಒಣಮೆಣಸಿನಕಾಯಿ ಮುರಿದು ಹಾಕಬಹುದು. ಸಣ್ಣ ಉರಿಯಲ್ಲಿ ಹದಿನೈದು ನಿಮಿಷದಲ್ಲಿ ಟೊಮೆಟೊ ಕರಗಿ, ಎಣ್ಣೆ ಅಂಚಿನಲ್ಲಿ ಕಾಣಿಸುತ್ತದೆ. ಉರಿ ಆರಿಸಿಡಿ. ಈ ಹಂತದಲ್ಲಿ ಸಾಸ್‌ಗೆ ಉಪ್ಪು ಬೇಡ. ಬಸಿದ ನೀರಿನ ಉಪ್ಪು ಮುಂದೆ ಸೇರುವುದಿದೆ.

ಇನ್ನೊಂದು ಒಲೆಯಲ್ಲಿ ನೀರನ್ನು ಮುಚ್ಚಳ ಮುಚ್ಚಿ ಕುದಿಸಿ. ಜೋರು ಕುದಿ ಬಂದ ಮೇಲೆ ಉಪ್ಪು, ಪೆನ್ನೆ. ಹಾಕಿದ ತಕ್ಷಣ ಕುದಿ ಇಳಿಯುತ್ತದೆ. ಕೈಯಾಡಿಸುತ್ತಿರಿ, ಮತ್ತೆ ಕುದಿ ಬರುವವರೆಗೆ ಮುಚ್ಚಳ ಅರೆಬರೆ ಮುಚ್ಚಬಹುದು. ಆಮೇಲೆ ತೆರೆದೇ ಇಡಿ, ಇಲ್ಲದಿದ್ದರೆ ನೊರೆ ಉಕ್ಕಿ ಒಲೆಯ ಮೇಲೆ ಚೆಲ್ಲುತ್ತದೆ. ಸಮಯ ಲೆಕ್ಕಕ್ಕೆ ಹಿಡಿಯುವುದು ಪಾಸ್ತಾ ಹಾಕಿದ ಕ್ಷಣದಿಂದ.

ಎಂಟನೇ ನಿಮಿಷಕ್ಕೆ ಒಂದು ಪೆನ್ನೆ ಹೊರಗೆ ತೆಗೆದು, ಚಾಕುವಿನಿಂದ ಅಡ್ಡ ಕತ್ತರಿಸಿ, ಕತ್ತರಿಸಿದ ಮುಖವನ್ನು ಬೆಳಕಿಗೆ ಹಿಡಿಯಿರಿ. ಕೊಳವೆಯ ಗೋಡೆಯಲ್ಲಿ ಮೂರು ಪದರ ಕಾಣುತ್ತದೆ. ಒಳಗೂ ಹೊರಗೂ ಬೆಂದು ಹಳದಿಯಾಗಿ ಅರೆಪಾರದರ್ಶಕವಾದ ಪದರ, ಅವೆರಡರ ನಡುವೆ ಸುಣ್ಣದಂತೆ ಬಿಳಿಯಾದ ಉಂಗುರ. ಎಂಟನೇ ನಿಮಿಷಕ್ಕೆ ಆ ಬಿಳಿ ಉಂಗುರ ಸ್ಪಷ್ಟವಾಗಿ, ದಪ್ಪನಾಗಿ ಇರುತ್ತದೆ. ಬಾಯಿಗೆ ಹಾಕಿಕೊಂಡರೆ ಹಸಿ ಹಿಟ್ಟಿನ ರುಚಿ, ನಡುವಿನ ಭಾಗ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಇದು ಅಲ್ ದೆಂತೆ ಅಲ್ಲ, ಬೇಯದ ಪಾಸ್ತಾ. ಹೋಟೆಲಿನಲ್ಲಿ ಎಂದೋ ಹೀಗೆ ಅರೆಬೆಂದದ್ದನ್ನು ತಿಂದು, ‘ಅಲ್ ದೆಂತೆ ನಮಗೆ ಒಗ್ಗುವುದಿಲ್ಲ’ ಎಂದು ತೀರ್ಮಾನಿಸಿದವರನ್ನು ಕಂಡಿದ್ದೇನೆ. ಅವರಿಗೆ ಸರಿಯಾದ ಹದದ ಪಾಸ್ತಾ ಸಿಕ್ಕಿಯೇ ಇರಲಿಲ್ಲ ಎನಿಸುತ್ತದೆ.

ಒಂಬತ್ತನೇ ನಿಮಿಷದಿಂದ ಅರ್ಧರ್ಧ ನಿಮಿಷಕ್ಕೆ ಒಂದೊಂದು ಕತ್ತರಿಸಿ ನೋಡುತ್ತ ಹೋಗಿ. ಉಂಗುರ ಕೂದಲಿನಷ್ಟು ತೆಳುವಾಗುತ್ತ, ಆಮೇಲೆ ಅಲ್ಲಲ್ಲಿ ತುಂಡಾದ ಗೆರೆಯಾಗುತ್ತದೆ. ತೆಳು ಗೆರೆ ಇನ್ನೂ ಇರುವಾಗಲೇ, ಅಂದರೆ ಒಂಬತ್ತೂವರೆಯಿಂದ ಹತ್ತು ನಿಮಿಷದ ಸುಮಾರಿಗೆ, ನೀರಿನಿಂದ ಹೊರಗೆ ತೆಗೆಯಬೇಕು. ಸ್ಪಗೆಟ್ಟಿಯಲ್ಲಾದರೆ ಉಂಗುರದ ಬದಲು ನಟ್ಟನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಕಾಣುತ್ತದೆ. ಗುರುತು ಅದೇ. ಒಂದು ಪೊಟ್ಟಣಕ್ಕೆ ಒಮ್ಮೆ ಹೀಗೆ ನೋಡಿ ನಿಮಿಷ ಬರೆದಿಟ್ಟುಕೊಂಡರೆ, ಅದೇ ಪಾಸ್ತಾ, ಅದೇ ಪಾತ್ರೆ, ಅದೇ ಒಲೆಗೆ ಆ ಲೆಕ್ಕ ನಡೆಯುತ್ತದೆ.

ಬಸಿಯುವ ಮೊದಲು ಒಂದು ದೊಡ್ಡ ಲೋಟ ನೀರು ತೆಗೆದಿಡಿ. ಇದನ್ನು ಮರೆತು ಪೂರ್ತಿ ಸಿಂಕಿಗೆ ಸುರಿದರೆ ಅದಕ್ಕೆ ಬದಲಿ ಇಲ್ಲ. ಪೆನ್ನೆಯನ್ನು ಜಾಲರಿ ಸೌಟಿನಿಂದ ನೇರವಾಗಿ ಸಾಸ್‌ನ ಬಾಣಲೆಗೆ ಹಾಕುವುದು ಇನ್ನೂ ಒಳ್ಳೆಯದು. ಉರಿ ಜೋರು ಮಾಡಿ, ಅರ್ಧ ಲೋಟ ಬಸಿದ ನೀರು ಸೇರಿಸಿ, ಒಂದೂವರೆಯಿಂದ ಎರಡು ನಿಮಿಷ ಬಿಡದೆ ತಿರುವಿ. ಮೊದಲಿಗೆ ಸಾಸ್ ನೀರುನೀರಾಗಿ ಕಾಣುತ್ತದೆ, ಗಾಬರಿ ಬೇಡ. ಪಾಸ್ತಾ ಆ ನೀರನ್ನು ಹೀರುತ್ತ, ಉಳಿದದ್ದು ಆವಿಯಾಗುತ್ತ, ಪಿಷ್ಟ ಎಣ್ಣೆಯನ್ನು ಹಿಡಿಯುತ್ತ ಬಂದಂತೆ ಸಾಸ್ ಹೊಳಪೇರಿ ಪ್ರತಿ ತುಂಡಿಗೂ ಹತ್ತಿಕೊಳ್ಳುತ್ತದೆ. ಈಗ ಒಂದು ಕಚ್ಚಿ ನೋಡಿ. ಹಿಟ್ಟಿನ ರುಚಿ ಇರುವುದಿಲ್ಲ, ಹಲ್ಲು ಇಳಿಯುವಾಗ ಒಂದು ಬಿಗಿ ಮಾತ್ರ ಇರುತ್ತದೆ. ತಕ್ಷಣ ಬಡಿಸಿ. ಬಾಣಲೆಯಲ್ಲೇ ಐದು ನಿಮಿಷ ಕೂತರೆ ಆ ಬಿಗಿ ಹೋಗುತ್ತದೆ, ಸಾಸ್ ಕೂಡ ಗಟ್ಟಿಯಾಗುತ್ತದೆ. ಊಟಕ್ಕೆ ಯಾರಾದರೂ ತಡವಾಗಿ ಬರುವುದಿದ್ದರೆ ಪಾಸ್ತಾವನ್ನು ಇನ್ನೊಂದು ನಿಮಿಷ ಮೊದಲೇ ತೆಗೆಯಿರಿ.

ತಣ್ಣೀರಿನಲ್ಲಿ ತೊಳೆಯುವ ರೂಢಿ ಪಾಸ್ತಾ ಸಲಾಡಿಗೆ ಸರಿ, ಅಲ್ಲಿ ಬೇಯುವುದನ್ನು ಅಲ್ಲೇ ನಿಲ್ಲಿಸಬೇಕು. ಬಿಸಿ ಸಾಸ್‌ಗೆ ಹೋಗುವ ಪಾಸ್ತಾವನ್ನು ತೊಳೆದರೆ ಸಾಸ್ ಹಿಡಿಯುವ ಪಿಷ್ಟವನ್ನೇ ತೊಳೆದಂತೆ.

ಹದ ಮೀರಿದ್ದೂ ಕಣ್ಣಿಗೇ ಗೊತ್ತಾಗುತ್ತದೆ. ಪೆನ್ನೆಯ ಚೂಪು ಅಂಚು ಅರಳಿಕೊಂಡು, ಮೈಮೇಲಿನ ಗೀರು ಅಳಿಸಿದಂತಾಗಿ, ಕೊಳವೆ ತನ್ನ ಭಾರಕ್ಕೇ ಚಪ್ಪಟೆಯಾಗುತ್ತದೆ. ಅಂಥದ್ದನ್ನು ಮತ್ತೆ ಹದಕ್ಕೆ ತರಲು ಆಗದು. ಬಾಣಲೆಯಲ್ಲಿ ಕುದಿಸುವ ಬದಲು, ತುಸು ಎಣ್ಣೆ, ಚೀಸ್ ಹಾಕಿ ಓವನ್‌ನಲ್ಲಿ ಕೆಂಪಗೆ ಬೇಕ್ ಮಾಡಿದರೆ ಚೆನ್ನಾಗಿ ಖರ್ಚಾಗುತ್ತದೆ.

ಒಂದೇ ಪಾತ್ರೆಯಲ್ಲಿ

ಪಾಸ್ತಾ, ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ, ನೀರು ಎಲ್ಲವನ್ನೂ ಒಟ್ಟಿಗೆ ಒಂದೇ ಬಾಣಲೆಗೆ ಹಾಕಿ ಬೇಯಿಸುವ ವಿಧಾನವನ್ನು 2013ರಲ್ಲಿ ಅಮೆರಿಕದ ಮಾರ್ಥಾ ಸ್ಟುವರ್ಟ್ ಅವರ ಪತ್ರಿಕೆ ಜನಪ್ರಿಯಗೊಳಿಸಿತು. ಆದರೆ ಪಾಸ್ತಾವನ್ನು ಸಾಸ್‌ನಲ್ಲೇ ಬೇಯಿಸುವುದು ಇಟಲಿಗೆ ಹೊಸದಲ್ಲ. ದಕ್ಷಿಣದ ಬಾರಿ ನಗರದ ಸ್ಪಗೆಟ್ಟಿ ಅಲ್ಲಸ್ಸಸ್ಸಿನಾದಲ್ಲಿ ಒಣ ಸ್ಪಗೆಟ್ಟಿಯನ್ನು ನೇರ ಬಾಣಲೆಗೆ ಹಾಕಿ, ಟೊಮೆಟೊ ಸಾರನ್ನು ಸೌಟು ಸೌಟಾಗಿ ಹೊಯ್ಯುತ್ತ, ತಳ ಕೆಂಪಗೆ ಸೀದು ಗರಿಗರಿಯಾಗುವವರೆಗೆ ಬೇಯಿಸುತ್ತಾರೆ.

ಇಲ್ಲಿ ಬಸಿಯುವುದು ಇಲ್ಲ, ಹಾಗಾಗಿ ಎರಡು ಲೆಕ್ಕ ಬದಲಾಗುತ್ತವೆ. ಮೊದಲನೆಯದು ನೀರು. 200 ಗ್ರಾಂ ಪಾಸ್ತಾ ಸುಮಾರು 250 ಮಿಲಿಲೀಟರ್ ಹೀರುತ್ತದೆ. ಅಗಲ ಬಾಣಲೆಯಲ್ಲಿ ಹತ್ತು ಹನ್ನೆರಡು ನಿಮಿಷ ಕುದಿಯುವಾಗ ಹೆಚ್ಚುಕಡಿಮೆ ಅಷ್ಟೇ ಆವಿಯಾಗಬಹುದು, ಉಳಿದದ್ದು ಸಾಸ್. ಆದ್ದರಿಂದ 250 ಗ್ರಾಂ ಟೊಮೆಟೊ ಜೊತೆಗೆ 550 ಮಿಲಿಲೀಟರ್ ನೀರಿನಿಂದ ಶುರುಮಾಡಿ, ಪಕ್ಕದಲ್ಲಿ ಒಂದು ಲೋಟ ಬಿಸಿನೀರು ಇಟ್ಟುಕೊಳ್ಳಿ. ಒಣಗುತ್ತಿದ್ದರೆ ಸ್ವಲ್ಪಸ್ವಲ್ಪ ಸೇರಿಸಬಹುದು. ಹೆಚ್ಚು ಹಾಕಿಬಿಟ್ಟರೆ ನೀರು ಇಂಗುವ ಹೊತ್ತಿಗೆ ಪಾಸ್ತಾ ಹದ ಮೀರಿರುತ್ತದೆ. ಎರಡನೆಯದು ಉಪ್ಪು. ಹಾಕಿದ್ದೆಲ್ಲ ತಟ್ಟೆಗೇ ಬರುತ್ತದೆ. ಲೀಟರಿಗೆ 10 ಗ್ರಾಂ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಇಡೀ ಬಾಣಲೆಗೆ ಮುಕ್ಕಾಲು ಟೀ ಚಮಚ ಸಾಕು, ಚೀಸ್ ಹಾಕುವುದಿದ್ದರೆ ಅರ್ಧ.

ಕೈಯಾಡಿಸುವುದನ್ನು ನಿಲ್ಲಿಸುವಂತಿಲ್ಲ, ಯಾಕೆಂದರೆ ಮಂದವಾಗುತ್ತ ಹೋಗುವ ರಸ ತಳ ಹಿಡಿಯುತ್ತದೆ. ಬಿಡಿ ನೀರು ಕಡಿಮೆ ಇರುವುದರಿಂದ ಪೊಟ್ಟಣದ ಸಮಯಕ್ಕಿಂತ ಒಂದೆರಡು ನಿಮಿಷ ಹೆಚ್ಚೂ ಹಿಡಿಯಬಹುದು. ಕತ್ತರಿಸಿ ನೋಡುವ ಪರೀಕ್ಷೆ ಇಲ್ಲೂ ಅದೇ. ಹಾಲು, ಕ್ರೀಮ್ ಹಾಕುವುದಾದರೆ ಕೊನೆಯ ಎರಡು ನಿಮಿಷದಲ್ಲಿ ಮಾತ್ರ, ಮೊದಲೇ ಹಾಕಿದರೆ ತಳ ಹತ್ತಿ ಸೀದ ವಾಸನೆ ಇಡೀ ಅಡುಗೆಗೆ ಬರುತ್ತದೆ. ಒಂದು ಪಾತ್ರೆಯ ಪಾಸ್ತಾ ಬಸಿದು ಮಾಡಿದ್ದಕ್ಕಿಂತ ಕೆನೆಕೆನೆಯಾಗಿರುತ್ತದೆ, ಹದ ತಪ್ಪುವ ಅವಕಾಶವೂ ಜಾಸ್ತಿ. ಇಬ್ಬರು ಮೂವರಿಗೆ ಇದು ಸೊಗಸು. ಆರೇಳು ಜನಕ್ಕೆ ದೊಡ್ಡ ಪಾತ್ರೆಯಲ್ಲಿ ಮಾಡಿದರೆ ಮೇಲಿನದು ಬೇಯುವಷ್ಟರಲ್ಲಿ ಕೆಳಗಿನದು ಮುದ್ದೆಯಾಗಿರುತ್ತದೆ, ಆಗ ಬಸಿಯುವ ವಿಧಾನವೇ ಲೇಸು.

ಗ್ಯಾಸ್ ಉಳಿಸುವ ಇನ್ನೊಂದು ದಾರಿಯೂ ಇದೆ. ಭೌತಶಾಸ್ತ್ರದ ನೊಬೆಲ್ ಪಡೆದ ಇಟಲಿಯ ಜಾರ್ಜೋ ಪಾರಿಸಿ 2022ರಲ್ಲಿ ಇಂಧನದ ಬೆಲೆ ಏರಿದ್ದ ಹೊತ್ತಿನಲ್ಲಿ ಇದರ ಪರವಾಗಿ ಮಾತಾಡಿದ್ದರಿಂದ ಅಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಕುದಿಯುವ ನೀರಿಗೆ ಪಾಸ್ತಾ ಹಾಕಿ, ಎರಡು ನಿಮಿಷ ಕುದಿಸಿ, ಬಿಗಿಯಾಗಿ ಮುಚ್ಚಿ, ಒಲೆ ಆರಿಸುವುದು. ಪಾಸ್ತಾ ಬೇಯಲು ಕುದಿತವೇ ಬೇಕೆಂದಿಲ್ಲ, ನೀರು ಸಾಕಷ್ಟು ಬಿಸಿಯಾಗಿದ್ದರೆ ಸಾಕು. ಪೊಟ್ಟಣದ ಸಮಯಕ್ಕಿಂತ ಕೆಲವು ನಿಮಿಷ ಹೆಚ್ಚು ಬಿಟ್ಟು ಪರೀಕ್ಷಿಸಬೇಕು. ಗಮನಿಸಬೇಕಾದ್ದು, ಈ ವಿಧಾನಕ್ಕೆ ಕಡಿಮೆ ನೀರು ಆಗುವುದಿಲ್ಲ. ಕಡಿಮೆ ನೀರು ಬೇಗ ಆರುತ್ತದೆ. ದಪ್ಪ ತಳದ ಪಾತ್ರೆ, 100 ಗ್ರಾಮಿಗೆ ಒಂದು ಲೀಟರ್ ನೀರು, ಚೆನ್ನಾಗಿ ಕೂರುವ ಮುಚ್ಚಳ ಇದ್ದರೆ ಮಾತ್ರ ಕೈಹಾಕಿ.

ಪ್ರೆಶರ್ ಕುಕ್ಕರನ್ನು ನಾನು ಪಾಸ್ತಾಗೆ ಒಪ್ಪುವುದಿಲ್ಲ. ಒಳಗಿನ ಬಿಸಿ 120 ಡಿಗ್ರಿಯ ಹತ್ತಿರ ಹೋಗುತ್ತದೆ, ತೆಗೆದು ಕತ್ತರಿಸಿ ನೋಡಲು ದಾರಿಯಿಲ್ಲ, ಸೀಟಿ ಇಳಿಯುವವರೆಗೂ ಬೇಯುತ್ತಲೇ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಪಾಸ್ತಾದ ನೊರೆ ಆವಿ ಹೋಗುವ ರಂಧ್ರವನ್ನು ಕಟ್ಟುವ ಅಪಾಯ ಇದೆ.

ಮೈಕ್ರೋವೇವ್‌ನಲ್ಲಿ

ಹಾಸ್ಟೆಲ್ ಕೋಣೆಯಲ್ಲೋ, ಗ್ಯಾಸ್ ಇಲ್ಲದ ಬಾಡಿಗೆ ಮನೆಯಲ್ಲೋ ಇರುವವರಿಗೆ ಮೈಕ್ರೋವೇವ್ ನಿಜವಾದ ಉಪಕಾರಿ. ಆದರೆ ಅದು ಸಮಯ ಉಳಿಸುತ್ತದೆ ಎಂದುಕೊಳ್ಳಬೇಡಿ. ಅರ್ಧ ಲೀಟರ್ ತಣ್ಣೀರನ್ನು 800 ವ್ಯಾಟ್ ಮೈಕ್ರೋವೇವ್ ಕುದಿಗೆ ತರಲು ನಾಲ್ಕೈದು ನಿಮಿಷ ಹಿಡಿಯುತ್ತದೆ, ಪಾಸ್ತಾ ನೀರು ಹೀರುವ ವೇಗವೂ ಒಲೆಯ ಮೇಲಿನದೇ. ಎಲೆಕ್ಟ್ರಿಕ್ ಕೆಟಲ್ ಇದ್ದರೆ ಅದರಲ್ಲಿ ನೀರು ಕುದಿಸಿ ಸುರಿಯುವುದು ಜಾಣತನ.

ಒಬ್ಬರಿಗೆ 100 ಗ್ರಾಂ ಗಿಡ್ಡ ಪಾಸ್ತಾ, 500 ಮಿಲಿಲೀಟರ್ ಕುದಿನೀರು, ಮುಕ್ಕಾಲು ಟೀ ಚಮಚ ಉಪ್ಪು. ಪಾತ್ರೆ ಮೈಕ್ರೋವೇವ್‌ಗೆ ಆಗುವ ಗಾಜಿನದು, ಆಳವಾಗಿರಲಿ, ನೀರು ಪಾಸ್ತಾ ಸೇರಿ ಅದರ ಮೂರನೇ ಒಂದು ಭಾಗ ಮೀರದಿರಲಿ. ಇಲ್ಲಿ ಎಲ್ಲರೂ ಸೋಲುವುದು ಉಕ್ಕುವ ನೊರೆಗೆ. ಮುಚ್ಚಳ ಹಾಕದೆ ಪೂರ್ಣ ಶಕ್ತಿಯಲ್ಲಿ ಎರಡು ನಿಮಿಷ ಇಟ್ಟು, ಹೊರತೆಗೆದು ಚೆನ್ನಾಗಿ ಕಲಕಿ. ಈ ಕಲಕುವಿಕೆ ತಪ್ಪಿದರೆ ತಳದಲ್ಲಿ ಪಾಸ್ತಾ ಒಂದೇ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಶಕ್ತಿಯನ್ನು ಅರುವತ್ತು ಎಪ್ಪತ್ತು ಶೇಕಡಾಕ್ಕೆ ಇಳಿಸಿ, ನಡುವೆ ಒಮ್ಮೆ ಕಲಕುತ್ತ ಬೇಯಿಸಿ. ಒಟ್ಟು ಸಮಯ ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ ಎರಡು ಮೂರು ನಿಮಿಷ ಹೆಚ್ಚಾಗಬಹುದು. ಪಾಸ್ತಾ ನೀರಿನಿಂದ ಮೇಲೆ ಕಾಣಿಸಿದರೆ ಬಿಸಿನೀರು ಸೇರಿಸಿ, ಒಣಗಿದ ತುದಿ ಬೇಯದೆ ಗಡುಸಾಗಿ ಉಳಿಯುತ್ತದೆ. ಪಾತ್ರೆ ಕೈ ಸುಡುವಷ್ಟು ಬಿಸಿಯಾಗಿರುತ್ತದೆ, ಬಟ್ಟೆ ಹಿಡಿದೇ ತೆಗೆಯಿರಿ. ಪೆನ್ನೆ, ಮ್ಯಾಕರೋನಿ, ಫುಸಿಲಿಗೆ ಇದು ಹೊಂದುತ್ತದೆ. ಸ್ಪಗೆಟ್ಟಿಯನ್ನು ಮುರಿಯದೆ ಹೀಗೆ ಬೇಯಿಸಲಾಗದು.

ಬಸಿದ ಮೇಲೆ ಎರಡು ಚಮಚ ನೀರು ಉಳಿಸಿಕೊಂಡು, ಸಾಸ್ ಸೇರಿಸಿ, ಇನ್ನೊಂದು ನಿಮಿಷ ಮೈಕ್ರೋವೇವ್‌ನಲ್ಲೇ ಇಟ್ಟರೆ ಬಾಣಲೆಯ ಕೊನೆಯ ಹಂತಕ್ಕೆ ಹತ್ತಿರದ ಫಲ ಸಿಗುತ್ತದೆ. ಉಳಿದ ಪಾಸ್ತಾ ಫ್ರಿಜ್‌ನಲ್ಲಿ ಗಟ್ಟಿಯಾಗುವುದು ಪಿಷ್ಟ ಮತ್ತೆ ಬಿಗಿದುಕೊಳ್ಳುವುದರಿಂದ. ಅದಕ್ಕೆ ಒಂದೆರಡು ಚಮಚ ನೀರು ಚಿಮುಕಿಸಿ, ಸಡಿಲವಾಗಿ ಮುಚ್ಚಿ, ಮಧ್ಯಮ ಶಕ್ತಿಯಲ್ಲಿ ಒಂದೊಂದು ನಿಮಿಷಕ್ಕೆ ಕಲಕುತ್ತ ಬಿಸಿಮಾಡಿ. ಮೊದಲ ದಿನ ಬಿಗಿಯಾಗಿ ಬೇಯಿಸಿದ್ದರೆ ಮರುದಿನದ ಈ ಬಿಸಿಗೂ ಅದು ತಡೆದುಕೊಳ್ಳುತ್ತದೆ.